ಹತ್ತಕ್ಕೆ ಏಳು ಸರಿ, ಆದರೂ ಲೆಕ್ಕ ಕೂಡಲಿಲ್ಲ

"ಮಾವ, ನಾಲ್ಕು ತಿಂಗಳಿಂದ ಟೆಲಿಗ್ರಾಂನಲ್ಲಿ ಒಬ್ಬ ಚಾರ್ಟ್ ಸರ್ ಕೊಡೋ ಟಿಪ್ಸ್ ನೋಡಿ ನಿಫ್ಟಿ ಆಪ್ಷನ್ಸ್ ಮಾಡ್ತಿದ್ದೀನಿ. 4,999 ಕೊಟ್ಟು ವಿಐಪಿ ಗ್ರೂಪಿಗೂ ಸೇರಿದ್ದೀನಿ. ಅವರು ಹೇಳಿದ್ದು ಹತ್ತಕ್ಕೆ ಏಳು ಸರಿ ಬರುತ್ತೆ, ನಾನೇ ಎಣಿಸಿದ್ದೀನಿ. ಆದ್ರೂ ಇಪ್ಪತ್ತು-ಇಪ್ಪತ್ತೈದು ಸಾವಿರ ಹೋಗಿರಬಹುದು. ಲಾಟ್ ಜಾಸ್ತಿ ಮಾಡಿದ್ರೆ ರಿಕವರ್ ಆಗುತ್ತೆ ಅಂತಾರೆ ಸರ್. ಅಪ್ಪ ಇಟ್ಕೊಂಡಿದ್ದ ಕಾಫಿ ಚೆರಿ ಮಾರಿ 3 ಲಕ್ಷ ನನ್ನ ಅಕೌಂಟಿಗೆ ಹಾಕಿದ್ದಾರೆ. ಅದರಲ್ಲಿ ಒಂದು ಲಕ್ಷ ಹಾಕಲಾ? ಚಾರ್ಟ್ ಅನ್ನೋದೇ ಸುಳ್ಳಾ? ಕಾಂಟ್ರ್ಯಾಕ್ಟ್ ನೋಟ್ ಎಲ್ಲ ಕಳಿಸಿದ್ದೀನಿ. ಅಮ್ಮನಿಗೆ ಹೇಳ್ಬೇಡಿ."

ಹಾಕಬೇಡ ಕಣೋ. ಇನ್ನು ಯಾಕೆ ಅಂತ ನಿಧಾನಕ್ಕೆ ಹೇಳುತ್ತೇನೆ. ಪತ್ರ ಉದ್ದವಾಗುತ್ತದೆ, ಊಟ ಆದಮೇಲೆ ಓದು.

ನೀನು ಕಳಿಸಿದ ಕಾಂಟ್ರ್ಯಾಕ್ಟ್ ನೋಟು, ಅಂದರೆ ಪ್ರತಿ ವ್ಯವಹಾರಕ್ಕೆ ಬ್ರೋಕರ್ ಕೊಡುವ ಚೀಟಿಗಳನ್ನೆಲ್ಲ ಇಲ್ಲೇ ಬಸ್ ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಮನೆಗೆ ಬಂದು ಒಂದು ಗೆರೆ ಹಾಕಿದ ಪುಸ್ತಕ ತೆಗೆದುಕೊಂಡು ಮೂರು ದಿನ ಕೂತೆ. ಎಡಗಡೆ ನಿನ್ನ ಸರ್ ಹಾಕಿದ ಮೆಸೇಜು, ಬಲಗಡೆ ನಿನ್ನ ನೋಟು. ಮೂವತ್ತು ವರ್ಷಕ್ಕೂ ಜಾಸ್ತಿ ಬ್ಯಾಂಕಿನ ಕೌಂಟರಿನಲ್ಲಿ ಕೂತವನಿಗೆ ಬರುವುದು ಇದೊಂದೇ ಕೆಲಸ. ಎರಡು ಕಡೆಯ ಅಂಕಿ ಇಟ್ಟುಕೊಂಡು ಎಲ್ಲಿ ಕೂಡುತ್ತಿಲ್ಲ ಅಂತ ಹುಡುಕುವುದು. ಸಂಜೆ ಕ್ಯಾಶ್ ಟ್ಯಾಲಿ ಆಗದಿದ್ದರೆ ನಮ್ಮನ್ನು ಮನೆಗೆ ಬಿಡುತ್ತಿರಲಿಲ್ಲ. ಎಷ್ಟು ಹುಡುಕಿದರೂ ಸಿಗದ ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿ ಎದ್ದು ಹೋಗುತ್ತಿದ್ದೆವು. ಮಾರನೇ ದಿನ ಬಂದು ಮತ್ತೆ ಹುಡುಕಬೇಕಿತ್ತು. ನೀನೂ ನಾಲ್ಕು ತಿಂಗಳಿಂದ ಎಲ್ಲವನ್ನೂ ತಲೆಯೊಳಗಿನ ಸಸ್ಪೆನ್ಸಿಗೆ ಹಾಕುತ್ತಾ ಬಂದಿದ್ದೀಯ, ಆದರೆ ಮಾರನೇ ದಿನ ಹುಡುಕಲಿಲ್ಲ, ಅಷ್ಟೇ.

ಮೊದಲು ನಿನ್ನ ಸರ್‌ಗೆ ನ್ಯಾಯ ಒದಗಿಸುತ್ತೇನೆ. ನೀನು ಎಣಿಸಿದ್ದು ಸರಿ. 60 ಟಿಪ್ಸ್ ನೀನು ಅನುಸರಿಸಿದ್ದೀಯ, ಅದರಲ್ಲಿ 42 ಅವರ ಲೆಕ್ಕದಲ್ಲಿ ಹೊಡೆದಿವೆ. ನೂರಕ್ಕೆ ಎಪ್ಪತ್ತು. ಮೋಸ ಈ ಎಣಿಕೆಯಲ್ಲಿಲ್ಲ. "ಹೊಡೆದಿದೆ" ಅನ್ನುವ ಮಾತಿನಲ್ಲಿದೆ.

ಅವರ ಮೆಸೇಜು ಯಾವಾಗಲೂ ಒಂದೇ ಅಚ್ಚಿನಲ್ಲಿರುತ್ತದೆ, ನೋಡು. ನಿಫ್ಟಿ 24,800 ಸಿಇ, 100ರ ಮೇಲೆ ಬೈ, ಟಾರ್ಗೆಟ್ 110, 125, 150, ಸ್ಟಾಪ್‌ಲಾಸ್ 80. ಸಿಇ ಅಂದರೆ ನಿಫ್ಟಿ ಆ ಮಟ್ಟ ದಾಟಿ ಏರುತ್ತದೆ ಅಂತ ಕೊಳ್ಳುವ ಆಪ್ಷನ್, ಸ್ಟಾಪ್‌ಲಾಸ್ ಅಂದರೆ ನಷ್ಟ ಇಷ್ಟಕ್ಕೇ ಸಾಕು ಅಂತ ಮಾರಿಬಿಡುವ ಬೆಲೆ. ಬೆಲೆ ಬೇರೆಯಾದರೂ ಅಳತೆ ಹೆಚ್ಚುಕಮ್ಮಿ ಇಷ್ಟೇ. ಮೂರು ಟಾರ್ಗೆಟ್ ಕೊಟ್ಟಿದ್ದಾರೆ. ಬೆಲೆ 110 ಮುಟ್ಟಿದ ಕೂಡಲೇ "ಟಾರ್ಗೆಟ್ ಡನ್" ಅಂತ ಪಟಾಕಿ ಹೊಡೆಯುತ್ತಾರೆ. ಆಮೇಲೆ ಅದು 70ಕ್ಕೆ ಬಿದ್ದರೂ ಅವರ ಪುಸ್ತಕದಲ್ಲಿ ಅದು ಗೆಲುವೇ. ಅಂದರೆ ಗೆದ್ದಾಗ ಸಿಗುವುದು 10 ಪಾಯಿಂಟ್, ಸೋತಾಗ ಹೋಗುವುದು 20. ಏಳು ಸಲ ಹತ್ತತ್ತು ರೂಪಾಯಿ ಗೆದ್ದು ಮೂರು ಸಲ ಇಪ್ಪತ್ತಿಪ್ಪತ್ತು ಸೋತರೆ ಕೈಯಲ್ಲಿ ಉಳಿಯುವುದು ಹತ್ತೇ ರೂಪಾಯಿ. "ಹತ್ತಕ್ಕೆ ಏಳು" ಅಂತ ಕೇಳಿದಾಗ ನಮ್ಮ ತಲೆ ಇದನ್ನು ಲೆಕ್ಕ ಹಾಕುವುದಿಲ್ಲ. ಪರೀಕ್ಷೆಯಲ್ಲಿ ಎಪ್ಪತ್ತು ಮಾರ್ಕ್ಸ್ ಬಂದ ಹಾಗೆ ಕೇಳಿಸುತ್ತದೆ.

ಈಗ ನಿನ್ನ 60 ಟಿಪ್ಸನ್ನು ನಿನ್ನ ಸರ್ ಹೇಳಿದ ಬೆಲೆಗೇ ಸಿಕ್ಕಿದೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿದೆ. 42 ಗೆಲುವಿಗೆ 420 ಪಾಯಿಂಟ್ ಬಂತು. 18 ಸೋಲಿಗೆ 360 ಹೋಯಿತು. ಉಳಿದದ್ದು 60. ನೀನು ಮಾಡಿದಾಗ ನಿಫ್ಟಿಯ ಒಂದು ಲಾಟ್, ಅಂದರೆ ಒಟ್ಟಿಗೇ ಕೊಳ್ಳಬೇಕಾದ ಕಟ್ಟು, 75ರದ್ದಿತ್ತು, ಹಾಗಾಗಿ 4,500 ರೂಪಾಯಿ ಲಾಭ. ಇದರಲ್ಲಿ ಖರ್ಚು ಕಳೆಯಬೇಕು. ನಿನ್ನ ನೋಟಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದೆಯಲ್ಲ, ಅದನ್ನು ನೀನು ಓದಿಲ್ಲ ಅಂತ ಕಾಣುತ್ತದೆ. ಕೊಳ್ಳುವಾಗ 20, ಮಾರುವಾಗ 20 ಬ್ರೋಕರೇಜ್. ಮಾರಿದ ಮೊತ್ತದ ಮೇಲೆ ಸರ್ಕಾರದ ತೆರಿಗೆಯಾದ ಎಸ್‌ಟಿಟಿ. ಎಕ್ಸ್‌ಚೇಂಜ್ ಚಾರ್ಜು, ಜಿಎಸ್‌ಟಿ, ಸ್ಟ್ಯಾಂಪ್ ಡ್ಯೂಟಿ. ಒಂದು ಲಾಟ್ ತೆಗೆದುಕೊಂಡು ಮಾರುವುದಕ್ಕೆ ಎಲ್ಲ ಸೇರಿ ಸುಮಾರು 62 ರೂಪಾಯಿ. 60 ಸಲಕ್ಕೆ 3,720.

4,500ರಲ್ಲಿ 3,720 ಕಳೆ. 780 ರೂಪಾಯಿ.

ನಾಲ್ಕು ತಿಂಗಳ ಕೊನೆಗೆ, ಅವರ ಬಾಯಲ್ಲಿ ಬಂದ ಬೆಲೆಗೇ ಎಲ್ಲ ಸಿಕ್ಕಿದ್ದರೂ, ಹತ್ತಕ್ಕೆ ಏಳು ಸರಿ ಬಂದರೂ, 780 ರೂಪಾಯಿ. ಇದಕ್ಕೆ ನೀನು 4,999 ಫೀಸು ಕೊಟ್ಟಿದ್ದೀಯ. ಈ ಅಂಕಿ ಬಂದಾಗ ನನಗೇ ನಂಬಿಕೆ ಬರಲಿಲ್ಲ, ಎರಡು ಸಲ ಕೂಡಿ ನೋಡಿದೆ.

ನಿಮ್ಮಪ್ಪ ಚೆರಿ ಮಾರುವಾಗ ಏನು ಮಾಡುತ್ತಾರೆ, ನೀನೇ ನೋಡಿದ್ದೀಯ. 50 ಕೆಜಿ ಮೂಟೆ ಅಂತ ಎಷ್ಟೇ ತೂಗಿದರೂ ಔಟ್‌ಟರ್ನ್ ನೋಡದೆ ಬೆಲೆ ಒಪ್ಪುವುದಿಲ್ಲ. ಸಿಪ್ಪೆ ಹೋಗಿ ಬೀಜ 26 ಕೆಜಿ ಬರುತ್ತದೋ 28 ಬರುತ್ತದೋ, ಮಾತೆಲ್ಲ ಅದರ ಮೇಲೆ. ಟಿಪ್ಸ್ ವಿಷಯದಲ್ಲಿ ನೀನು ಮೂಟೆ ಎಣಿಸಿದೆ, ಬೀಜ ತೂಗಲಿಲ್ಲ.

ಇನ್ನು ನಿನ್ನ ಕೈಗೆ ನಿಜವಾಗಿ ಏನಾಯಿತು ಅಂತ ನೋಡೋಣ. ಅವರು 9 ಗಂಟೆ 41 ನಿಮಿಷಕ್ಕೆ ಮೆಸೇಜ್ ಹಾಕುತ್ತಾರೆ. ನೀನು ಆಫೀಸಿನಲ್ಲಿರುತ್ತೀಯ. ಫೋನ್ ಅಲುಗಿದ್ದು ಗೊತ್ತಾಗಿ, ಮೇಲಿನವರು ಆ ಕಡೆ ತಿರುಗಿದ ಮೇಲೆ ಆ್ಯಪ್ ತೆರೆದು ಆರ್ಡರ್ ಹಾಕುವಷ್ಟರಲ್ಲಿ 9:43, 9:44 ಆಗಿರುತ್ತದೆ. ನಿನ್ನ ನೋಟುಗಳಲ್ಲಿ ಸಮಯ ಸೆಕೆಂಡಿನ ತನಕ ಇದೆ. ಅವರು 100 ಅಂದದ್ದನ್ನು ನೀನು ಸರಾಸರಿ 105ಕ್ಕೆ ಕೊಂಡಿದ್ದೀಯ. ಐದು ರೂಪಾಯಿ ತಾನೇ ಅನ್ನಬೇಡ. ಗೆದ್ದಾಗ 110ಕ್ಕೆ ಮಾರಿದರೆ ಹತ್ತಲ್ಲ, ಐದೇ ಸಿಕ್ಕಿತು. ಸೋತಾಗ 80ಕ್ಕೆ ಮಾರಿದರೆ ಇಪ್ಪತ್ತಲ್ಲ, ಇಪ್ಪತ್ತೈದು ಹೋಯಿತು. ಗೆಲುವು ಅರ್ಧ, ಸೋಲು ಕಾಲುಭಾಗ ಜಾಸ್ತಿ.

42 ಗೆಲುವಿಗೆ 210 ಪಾಯಿಂಟ್. 18 ಸೋಲಿಗೆ 450. ನಿವ್ವಳ 240 ಪಾಯಿಂಟ್ ಹೊರಗೆ. 75ರಿಂದ ಗುಣಿಸಿದರೆ 18,000. ಖರ್ಚು 3,720 ಸೇರಿಸಿದರೆ 21,720. ನಿನ್ನ "ಇಪ್ಪತ್ತು-ಇಪ್ಪತ್ತೈದು ಸಾವಿರ" ಎಲ್ಲಿಂದ ಬಂತು ಅಂತ ಗೊತ್ತಾಯಿತಲ್ವಾ? ಆದರೆ ಅಲ್ಲಿಗೆ ಮುಗಿಯಲಿಲ್ಲ.

ಈ ಅಳತೆಯಲ್ಲಿ ಖರ್ಚೂ ಸೇರಿ ನೀನು ಬರೀ ಅಸಲಿಗೆ ನಿಲ್ಲಬೇಕಾದರೂ ನೂರಕ್ಕೆ 86 ಸಲ ಸರಿ ಇರಬೇಕು. ಎಪ್ಪತ್ತು ಸಾಲದು. ಲಾಟ್ ಜಾಸ್ತಿ ಮಾಡಿದರೆ ಸರಿಹೋಗುತ್ತದೆ ಅನ್ನುವ ಮಾತಿಗೂ ಉತ್ತರ ಇಲ್ಲೇ ಇದೆ. ನಾಲ್ಕು ಲಾಟ್ ತೆಗೆದುಕೊಂಡಿದ್ದರೆ 18,000 ಹೋದ ಕಡೆ 72,000 ಹೋಗುತ್ತಿತ್ತು. ತೂತಿರುವ ಬಿಂದಿಗೆ ಚಿಕ್ಕದು ಅಂತ ದೊಡ್ಡ ತೂತಿನ ಹಂಡೆ ತರುವ ಹಾಗೆ.

ನೀನು ನನ್ನಿಂದ ಮುಚ್ಚಿಟ್ಟದ್ದೋ ಅಥವಾ ನೀನೇ ಮರೆತದ್ದೋ ಗೊತ್ತಿಲ್ಲ, ಒಂದು ಮಂಗಳವಾರದ ನೋಟು ಬೇರೆಯೇ ಇದೆ. ಎಕ್ಸ್‌ಪೈರಿ ದಿನ, ಅಂದರೆ ಆ ವಾರದ ಆಪ್ಷನ್ನಿನ ಆಯುಸ್ಸು ಮುಗಿಯುವ ದಿನ. "ಹೀರೋ ಜೀರೋ ಟ್ರೇಡ್" ಅಂತ ಮೆಸೇಜ್ ಬಂದಿತ್ತು. ನೀನು ಮಧ್ಯಾಹ್ನ ಒಂದೂವರೆಗೆ 5 ಲಾಟ್, 40 ರೂಪಾಯಿ ಹಾಗೆ ಕೊಂಡೆ, 15,000. ಅದು 22ಕ್ಕೆ ಇಳಿಯಿತು. ಸರ್ "ಆ್ಯವರೇಜ್ ಮಾಡಿ" ಅಂದರು. ಇನ್ನೂ 5 ಲಾಟ್ ಕೊಂಡೆ, 8,250. ಮೂರೂವರೆಗೆ ಅದರ ಬೆಲೆ ಸೊನ್ನೆ. ಎರಡು ಗಂಟೆಯಲ್ಲಿ 23,250 ಹೋಯಿತು. ನಿನ್ನ ತಿಂಗಳ ಸಂಬಳ ಎಷ್ಟು ಅಂತ ನನಗೆ ಗೊತ್ತಿದೆ.

ಇಲ್ಲಿ ಯಾರೂ ಕಳ್ಳತನ ಮಾಡಲಿಲ್ಲ. ಆಪ್ಷನ್ ಇರುವುದೇ ಹಾಗೆ. ನಿಫ್ಟಿ 24,700ರಲ್ಲಿರುವಾಗ ನೀನು 24,800 ಸಿಇ ಕೊಂಡರೆ ನೀನು ಕೊಟ್ಟ ದುಡ್ಡು ಪೂರ್ತಿ ಸಮಯಕ್ಕೆ. "ಇನ್ನು ಇಷ್ಟು ಹೊತ್ತಿನೊಳಗೆ ಅಲ್ಲಿಗೆ ಹೋಗಬಹುದು" ಅನ್ನುವ ಆಸೆಗೆ ಕಟ್ಟಿದ ಬೆಲೆ. ಹೊತ್ತು ಕಳೆದ ಹಾಗೆ ಆ ಬೆಲೆ ಕರಗುತ್ತದೆ, ನಿಫ್ಟಿ ನಿಂತಲ್ಲೇ ನಿಂತರೂ ಕರಗುತ್ತದೆ. ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಬೆಳಿಗ್ಗೆಯ ಕೊತ್ತಂಬರಿ ಕಟ್ಟಿಗೂ ಸಂಜೆ ಏಳರ ಕಟ್ಟಿಗೂ ಎಷ್ಟು ವ್ಯತ್ಯಾಸ? ಅದೂ ಬಾಡಿದ ಸೊಪ್ಪು ಮನೆಗಾದರೂ ಬರುತ್ತದೆ. ಷೇರು ಬಿದ್ದಾಗ ಇನ್ನಷ್ಟು ಕೊಂಡು ಕಾಯುವವರಿದ್ದಾರೆ, ಅದರಲ್ಲಿ ಒಂದು ಅರ್ಥವಾದರೂ ಇದೆ. ಮೂರೂವರೆಗೆ ಸಾಯುವ ವಸ್ತುವನ್ನು ಎರಡೂವರೆಗೆ ಆ್ಯವರೇಜ್ ಮಾಡಿ ಅನ್ನುವವನಿಗೆ ಒಂದೋ ವಿಷಯ ಗೊತ್ತಿಲ್ಲ, ಇಲ್ಲವೋ ನಿನ್ನ ದುಡ್ಡಿನ ಚಿಂತೆ ಇಲ್ಲ.

21,720, 23,250, ಫೀಸು 4,999. ಒಟ್ಟು 49,969 ರೂಪಾಯಿ. ನೀನು ಬರೆದದ್ದರ ಎರಡರಷ್ಟು.

ಚಾರ್ಟ್ ಸುಳ್ಳಾ ಅಂತ ಕೇಳಿದ್ದೀಯ. ಸುಳ್ಳಲ್ಲ. ಒಂದು ಕ್ಯಾಂಡಲ್ ಅಂದರೆ ಆ ಹೊತ್ತಿನ ಶುರುವಿನ ಬೆಲೆ, ಮೇಲಿನದು, ಕೆಳಗಿನದು, ಕೊನೆಯದು. ನಡೆದುಹೋದದ್ದರ ದಾಖಲೆ, ನಮ್ಮ ಲೆಡ್ಜರಿನ ಹಾಗೆ. ಆದರೆ ಲೆಡ್ಜರ್ ನೋಡಿ ಈ ಗಿರಾಕಿ ನಾಳೆ ಎಷ್ಟು ದುಡ್ಡು ಕಟ್ಟುತ್ತಾನೆ ಅಂತ ನಾನು ಹೇಳಿದ್ದರೆ ಮ್ಯಾನೇಜರ್ ನಗುತ್ತಿದ್ದರು. ನಿನ್ನ ಸರ್ ಸಂಜೆ ವಿಡಿಯೋದಲ್ಲಿ ಗೆರೆ ಎಳೆದು "ಇಲ್ಲಿ ಸಪೋರ್ಟ್ ತಗೊಂಡು ಮೇಲೆ ಹೋಯಿತು ನೋಡಿ" ಅಂತಾರಲ್ಲ, ಮುಗಿದ ಚಾರ್ಟಿನ ಮೇಲೆ ಗೆರೆ ಎಳೆಯುವುದಕ್ಕೆ ನನಗೂ ಬರುತ್ತದೆ. ಚಾರ್ಟ್ ನೋಡಿಯೇ ವ್ಯವಹಾರ ಮಾಡಿ ಬದುಕುವವರು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಅವರು ದಿನವಿಡೀ ಅದರ ಮುಂದೆಯೇ ಕೂತಿರುತ್ತಾರೆ. ನೀನು ಆಫೀಸಿನ ಟೇಬಲ್ ಕೆಳಗೆ ಫೋನ್ ಹಿಡಿದುಕೊಂಡಿರುತ್ತೀಯ.

ಎದುರಿಗೆ ಯಾರಿದ್ದಾರೆ ಅಂತಲೂ ಯೋಚಿಸು. ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿ 2024ರ ಸೆಪ್ಟೆಂಬರಿನಲ್ಲಿ ಒಂದು ಅಧ್ಯಯನ ಹೊರಹಾಕಿತು. 2021-22ರಿಂದ 2023-24ರ ತನಕ ಮೂರು ವರ್ಷದಲ್ಲಿ ಫ್ಯೂಚರ್ಸ್-ಆಪ್ಷನ್ಸ್ ಮಾಡಿದ ಒಂದು ಕೋಟಿಗೂ ಜಾಸ್ತಿ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಜನ ಕಳೆದುಕೊಂಡಿದ್ದಾರೆ. ಖರ್ಚೂ ಸೇರಿ ತಲೆಗೆ ಸರಾಸರಿ 2 ಲಕ್ಷ. ಆ ದುಡ್ಡು ಗಾಳಿಗೆ ಹೋಗಲಿಲ್ಲ. ದೊಡ್ಡ ಟ್ರೇಡಿಂಗ್ ಸಂಸ್ಥೆಗಳು, ವಿದೇಶಿ ಹೂಡಿಕೆದಾರರು ಲಾಭ ಮಾಡಿದ್ದಾರೆ, ಅದರಲ್ಲಿ ಬಹುಪಾಲು ಕಂಪ್ಯೂಟರ್ ತಾನೇ ಆರ್ಡರ್ ಹಾಕುವ ಪದ್ಧತಿಯಿಂದ. ನೀನು ಮೂರು ನಿಮಿಷ ತಡವಾಗಿ ಹೋಗುವ ಕಡೆ ಅವರದ್ದು ಸೆಕೆಂಡಿನ ತುಣುಕಿನ ಲೆಕ್ಕ.

ಹಾಗಾದರೆ ನಿನ್ನ ಸರ್ ಹೇಗೆ ಶ್ರೀಮಂತರು? ಅವರ ಕಾರು, ದುಬೈ ಫೋಟೋ ಎಲ್ಲ ನೀನೇ ಕಳಿಸಿದ್ದೀಯ. ಲೆಕ್ಕ ಸುಲಭ ಕಣೋ. ಸಾವಿರ ಜನ 4,999 ಕೊಟ್ಟರೆ ಐವತ್ತು ಲಕ್ಷಕ್ಕೆ ಸಾವಿರ ರೂಪಾಯಿ ಕಮ್ಮಿ. ಇದರಲ್ಲಿ ಸ್ಟಾಪ್‌ಲಾಸ್ ಇಲ್ಲ, ಎಕ್ಸ್‌ಪೈರಿ ಇಲ್ಲ. ಅವರ ಲಿಂಕಿನಿಂದ ಡಿಮ್ಯಾಟ್ ಖಾತೆ ತೆರೆಸಿದರೆ ನೀನು ಕೊಡುವ ಬ್ರೋಕರೇಜಿನಲ್ಲೂ ಪಾಲು ಬರುವ ವ್ಯವಸ್ಥೆ ಇರಬಹುದು. ಆಗ ನೀನು ಗೆದ್ದರೂ ಸೋತರೂ ಅವರಿಗೆ ಒಂದೇ, ದಿನಕ್ಕೆ ಐದು ಸಲ ಕೊಂಡು ಮಾರಿದರೆ ಸಾಕು.

ಸ್ಕ್ರೀನ್‌ಶಾಟ್ ನಂಬಬೇಡ. ಬ್ಯಾಂಕಿನಲ್ಲಿ ಯಾರಾದರೂ ಬರೀ ಜಮೆ ಇರುವ ಪುಟದ ಝೆರಾಕ್ಸ್ ತಂದು ಸಾಲ ಕೇಳಿದರೆ ನಾವು ಪೂರ್ತಿ ಆರು ತಿಂಗಳ ಸ್ಟೇಟ್‌ಮೆಂಟ್ ತನ್ನಿ ಅನ್ನುತ್ತಿದ್ದೆವು. ಒಂದು ದಿನದ 2 ಲಕ್ಷ ಲಾಭದ ಚಿತ್ರ ನಿಜವೇ ಇರಬಹುದು. ಅದೇ ದಿನ ಹೆಂಡತಿಯ ಖಾತೆಯಲ್ಲಿ ಉಲ್ಟಾ ಆಡಿ 2 ಲಕ್ಷ ಹೋಗಿರಬಹುದು, ಆ ಚಿತ್ರ ಹಾಕುವುದಿಲ್ಲ. ಇನ್ನೊಂದು ಕೆಲಸ ಮಾಡು. ಹಳೇ ಮೆಸೇಜುಗಳಲ್ಲಿ ಸ್ಟಾಪ್‌ಲಾಸ್ ಹೊಡೆದ 18 ದಿನದವು ಈಗ ಇವೆಯಾ ನೋಡು. ನೀನು ಕಳಿಸಿದ ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇದೆ, ಗ್ರೂಪಿನಲ್ಲಿ ಉಳಿದಿರುವುದು ಎಷ್ಟು ಅಂತ ನೀನು ಎಣಿಸು. ಟೆಲಿಗ್ರಾಂನಲ್ಲಿ ಮೆಸೇಜ್ ತಿದ್ದಿದರೆ ಮೂಲೆಯಲ್ಲಿ ಗುರುತು ಬೀಳುತ್ತದೆ, ಅಳಿಸಿದರೆ ಗುರುತೂ ಉಳಿಯುವುದಿಲ್ಲ.

"ಬಾಪ್ ಆಫ್ ಚಾರ್ಟ್" ಅನ್ನುವ ಹೆಸರು ನೀನು ಕೇಳಿರಬಹುದು. 2023ರ ಅಕ್ಟೋಬರಿನಲ್ಲಿ ಸೆಬಿ ಅದನ್ನು ನಡೆಸುತ್ತಿದ್ದವರ ಮೇಲೆ ಮಧ್ಯಂತರ ಆದೇಶ ಹೊರಡಿಸಿತು. ಪಾಠದ ಹೆಸರಿನಲ್ಲಿ ನೋಂದಣಿ ಇಲ್ಲದೆ ಕೊಳ್ಳು-ಮಾರು ಅಂತ ಸಲಹೆ ಕೊಡುತ್ತಿದ್ದರು ಅನ್ನುವುದು ಆರೋಪ. ಸುಮಾರು 17.2 ಕೋಟಿ ಕಟ್ಟಿಡಲು ಹೇಳಿತು. ನನ್ನ ಕಣ್ಣಿಗೆ ಬಿದ್ದದ್ದು ಆ ದೊಡ್ಡ ಅಂಕಿಯಲ್ಲ. 2021ರ ಜನವರಿಯಿಂದ 2023ರ ಜುಲೈ ತನಕ ಅವರ ಸ್ವಂತ ಟ್ರೇಡಿಂಗಿನಲ್ಲಿ ಸುಮಾರು 2.89 ಕೋಟಿ ನಷ್ಟ ಆಗಿತ್ತು ಅಂತ ಆದೇಶದಲ್ಲಿದೆ. ಅದನ್ನು ಗಿರಾಕಿಗಳಿಗೆ ಯಾರು ಹೇಳುತ್ತಾರೆ?

ನಿನ್ನ ಸರ್ ಕೇಳಿದರೆ "ನಾನು ಪಾಠ ಮಾಡುವವನು, ಸಲಹೆ ಕೊಡುವವನಲ್ಲ" ಅನ್ನುತ್ತಾರೆ. ಗ್ರೂಪಿನ ಮೇಲೆ "ಎಜುಕೇಶನಲ್ ಪರ್ಪಸ್" ಅಂತ ಬರೆದಿದ್ದಾರೆ, ನೋಡಿದೆ. 2025ರ ಜನವರಿಯಲ್ಲಿ ಸೆಬಿ ಇದಕ್ಕೂ ಸುತ್ತೋಲೆ ಹಾಕಿತು. ಪಾಠವೇ ಆದರೆ ಹಿಂದಿನ ಮೂರು ತಿಂಗಳ ಒಳಗಿನ ಬೆಲೆ ಇಟ್ಟುಕೊಂಡು ಮುಂದೆ ಹೀಗಾಗುತ್ತದೆ ಅಂತ ಹೇಳುವಂತಿಲ್ಲ ಅಂತ ಅದರಲ್ಲಿತ್ತು. ಈ ಹೊತ್ತಿನ ಬೆಲೆಗೆ ಬೈ ಅನ್ನುವುದು ಯಾವ ಪಾಠ? ಸಲಹೆ ಕೊಡಬೇಕಾದರೆ ರಿಸರ್ಚ್ ಅನಲಿಸ್ಟ್ ಆಗಿ ನೋಂದಣಿ ಬೇಕು, ಆ ಸಂಖ್ಯೆ INH ಅಂತ ಶುರುವಾಗುತ್ತದೆ. ಅವರನ್ನು ಕೇಳು, ಕೊಟ್ಟರೆ sebi.gov.in ನಲ್ಲಿ ಹೆಸರು ಹೊಂದುತ್ತದಾ ನೋಡು. ಬೇರೆಯವರ ಸಂಖ್ಯೆ ಹಾಕಿಕೊಳ್ಳುವವರೂ ಇದ್ದಾರೆ. ನೋಂದಣಿ ಇದ್ದ ಮಾತ್ರಕ್ಕೆ ಟಿಪ್ಸ್ ಸರಿಯಾಗುತ್ತವೆ ಅಂತಲ್ಲ. ತಪ್ಪು ಮಾಡಿದರೆ ದೂರು ಕೊಡಲು ಒಂದು ವಿಳಾಸ ಇರುತ್ತದೆ, ಅಷ್ಟೇ ಲಾಭ.

ನಾನೇನೂ ದೊಡ್ಡ ಬುದ್ಧಿವಂತ ಅಂತ ಬರೆಯುತ್ತಿಲ್ಲ. 1994ರಲ್ಲಿ ನಮ್ಮ ಬ್ರಾಂಚಿನಲ್ಲಿ ಹೊಸ ಷೇರಿನ ಅರ್ಜಿ ಕಟ್ಟಲು ಜನ ಕ್ಯೂ ನಿಲ್ಲುತ್ತಿದ್ದರು. ದಿನಾ ನೂರಾರು ಅರ್ಜಿಗೆ ಸೀಲು ಹೊಡೆಯುತ್ತಾ ನನಗೂ ಹುಚ್ಚು ಹತ್ತಿತು. ಒಬ್ಬ ಏಜೆಂಟ್ "ಇದು ಡಬಲ್ ಗ್ಯಾರಂಟಿ" ಅಂದ. ಪಿಎಫ್ ಸಾಲ ತೆಗೆದು 200 ಷೇರು ಕೊಂಡೆ. ಆ ಕಂಪನಿ ಎಲ್ಲಿ ಹೋಯಿತೋ. ಸರ್ಟಿಫಿಕೇಟು ಇನ್ನೂ ಟ್ರಂಕಿನಲ್ಲಿದೆ, ಕಾಗದ ಮಾತ್ರ ಚೆನ್ನಾಗಿದೆ. ನಿಮ್ಮತ್ತೆಗೆ ಎರಡು ವರ್ಷ ಹೇಳಿರಲಿಲ್ಲ.

ಈಗ ಏನು ಮಾಡಬೇಕು ಅಂತ. ಹೋದ ದುಡ್ಡಿನಲ್ಲಿ ಟ್ರೇಡಿಂಗಿನಲ್ಲಿ ಹೋದದ್ದು ವಾಪಸ್ ಬರುವುದಿಲ್ಲ, ಅದರ ಆಸೆ ಬಿಡು. ಆದರೆ ಒಂದು ಉಪಯೋಗ ಇದೆ. ಆಪ್ಷನ್ಸ್ ನಷ್ಟ ಆದಾಯ ತೆರಿಗೆಯಲ್ಲಿ ವ್ಯಾಪಾರದ ನಷ್ಟ. ಗಡುವಿನೊಳಗೆ ಐಟಿಆರ್-3 ಹಾಕಿದರೆ ಮುಂದಿನ 8 ವರ್ಷದ ವ್ಯಾಪಾರದ ಲಾಭದಲ್ಲಿ ಅದನ್ನು ಕಳೆಯಬಹುದು. ಸಂಬಳದಲ್ಲಿ ಕಳೆಯಲು ಬರುವುದಿಲ್ಲ. ನೀನು ಪ್ರತಿವರ್ಷ ಸಂಬಳಕ್ಕೆ ಅಂತ ಐಟಿಆರ್-1 ಹಾಕುತ್ತೀಯಲ್ಲ, ಈ ಸಲ ಅದು ನಡೆಯುವುದಿಲ್ಲ. ನಿನ್ನ ಪ್ಯಾನ್ ಮೇಲೆ ಈ ವ್ಯವಹಾರ ಕಾಣುತ್ತಿರುತ್ತದೆ.

ಟಿಪ್ಸ್ ಬಿಡಲು ಮನಸ್ಸಾಗದಿದ್ದರೆ ಎಂಟು ವಾರ ಪುಸ್ತಕದಲ್ಲಿ ಆಡು. ಮೆಸೇಜ್ ಬಂದ ಮೂರು ನಿಮಿಷದ ನಂತರದ ಬೆಲೆ ಬರೆದುಕೋ, ಅವರು ಹೇಳಿದ ಬೆಲೆ ಬೇಡ. ಮಾರುವ ಬೆಲೆಯೂ ಹಾಗೇ. ಪ್ರತಿಯೊಂದಕ್ಕೂ 62 ಕಳೆ. ಪೆನ್ಸಿಲ್ ಬೇಡ, ಪೆನ್ನಿನಲ್ಲಿ ಬರೆ. ಇದರಲ್ಲೂ ಒಂದು ಅಪಾಯ ಇದೆ. ಎರಡು ವಾರ ಚೆನ್ನಾಗಿ ಬಂದರೆ ಕೈ ತುರಿಸುತ್ತದೆ. ಎಂಟು ವಾರ ಅಂದರೆ ಎಂಟು ಎಕ್ಸ್‌ಪೈರಿ, ಅಷ್ಟು ಮುಗಿಯುವ ತನಕ ಆ್ಯಪಿನಲ್ಲಿ ಎಫ್ ಆ್ಯಂಡ್ ಒ ವಿಭಾಗವನ್ನು ಬಂದ್ ಮಾಡಿಸು.

ಷೇರು ಮಾರುಕಟ್ಟೆಯೇ ಬೇಡ ಅಂತ ನಾನು ಹೇಳುವುದಿಲ್ಲ. ನಿನ್ನ ಸಂಬಳದಿಂದ ತಿಂಗಳಿಗೆ ಒಂದೆರಡು ಸಾವಿರ ಇಂಡೆಕ್ಸ್ ಫಂಡಿಗೆ ಹಾಕಬಹುದು. ಅದೂ ಬೀಳುತ್ತದೆ. 2020ರ ಫೆಬ್ರವರಿ-ಮಾರ್ಚಿನಲ್ಲಿ ಎರಡು ತಿಂಗಳೊಳಗೆ ನಿಫ್ಟಿ ಮೂರನೇ ಒಂದಕ್ಕಿಂತ ಜಾಸ್ತಿ ಬಿತ್ತು. ಆದರೆ ಅದಕ್ಕೆ ಮಂಗಳವಾರ ಮೂರೂವರೆಯ ಗಡುವು ಇಲ್ಲ, ಕಾಯಬಹುದು. ಏಳೆಂಟು ವರ್ಷ ಮುಟ್ಟದ ದುಡ್ಡನ್ನು ಮಾತ್ರ ಹಾಕು.

ಆ 3 ಲಕ್ಷ ಅಂಥ ದುಡ್ಡಲ್ಲ. ಹೂ ಮಳೆ ಸರಿಯಾಗಿ ಬರದಿದ್ದರೆ ಸ್ಪ್ರಿಂಕ್ಲರ್ ಓಡಿಸಲು ಡೀಸೆಲ್ ಅದರಿಂದಲೇ ಬರಬೇಕು. ಮುಂಗಾರಿಗೆ ಮುಂಚೆ ಗೊಬ್ಬರ, ಮರಗಸಿ ಆಳಿನ ಕೂಲಿ, ಎಲ್ಲ ಅದೇ. ಅಪ್ಪನಿಗೆ ವಾಪಸ್ ಹಾಕು. ಬೇಕಾದಾಗ ಮುರಿಯಬಹುದಾದ ಫಿಕ್ಸೆಡ್ ಡಿಪಾಸಿಟ್ಟನ್ನು ಮೂರು ತುಂಡು ಮಾಡಿ ಇಡಲಿ, ಒಂದನ್ನು ಮುರಿದರೆ ಇನ್ನೆರಡರ ಬಡ್ಡಿ ಉಳಿಯುತ್ತದೆ. ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಿಗೆ ಬಡ್ಡಿ ಸೇರಿ 5 ಲಕ್ಷದ ತನಕ ವಿಮೆ ಇದೆ, ಆ ಭಯವೂ ಇಲ್ಲ.

ಬರುವ ಭಾನುವಾರ ಆಲ್ದೂರಿನಿಂದ ಬೆಳಗಿನ ಬಸ್ಸಿಗೇ ಬಾ. ಬ್ರೋಕರ್ ಆ್ಯಪಿನಿಂದ ವರ್ಷದ ಟ್ಯಾಕ್ಸ್ ಪಿ ಆ್ಯಂಡ್ ಎಲ್ ರಿಪೋರ್ಟ್ ಇಳಿಸಿಕೊಂಡು ಬಾ, ನನ್ನ ಪುಸ್ತಕದ ಜೊತೆ ತಾಳೆ ನೋಡಬೇಕು. ಎರಡು ದಿನದ ನೋಟು ನೀನು ಕಳಿಸಿಲ್ಲ. ಅಕ್ಕನಿಗೆ ನಾನು ಹೇಳಿಲ್ಲ. ಆದರೆ ಮೊನ್ನೆ ಫೋನ್ ಮಾಡಿ "ಇವನು ಯಾಕೋ ಮಂಗಳವಾರ ಮಂಗಳವಾರ ಊಟ ಬಿಡ್ತಾನೆ, ಏನಾದ್ರೂ ಹರಕೆನಾ" ಅಂತ ಕೇಳಿದಳು.